ಹಾಡು ಪೆನ್ ಡ್ರೈವ್‌ನಲ್ಲೇ ಇದೆ, ಹುಡುಕಿದರೆ ಸಿಗುವುದಿಲ್ಲ: ಹೆಸರು ಕೆಟ್ಟ ಕಚೇರಿ ಧ್ವನಿಮುದ್ರಣಗಳ ದೋಷ ನಿವಾರಣೆ

ಅರಕಲಗೂಡಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ದೊಡ್ಡಪ್ಪ ರೇಡಿಯೋದಿಂದ ಮುದ್ರಿಸಿಕೊಂಡ ಕಚೇರಿಗಳ ಕ್ಯಾಸೆಟ್‌ಗಳು ಎರಡು ಟ್ರಂಕಿನಷ್ಟಿದ್ದವು. ಅವರು ತೀರಿಕೊಂಡ ಮೇಲೆ ಯಾರೋ ಅವನ್ನೆಲ್ಲ ಹಾಸನದ ಒಂದು ಅಂಗಡಿಗೆ ಕೊಟ್ಟು ಪೆನ್ ಡ್ರೈವ್‌ಗೆ ಹಾಕಿಸಿಕೊಟ್ಟರು. ಹೋದ ದೀಪಾವಳಿಗೆ ಹೋದಾಗ ದೊಡ್ಡಮ್ಮ ಅದನ್ನು ನನ್ನ ಕೈಗಿಟ್ಟು, "ಖಮಾಚಿನ ಬ್ರೋಚೇವಾರೆವರುರಾ ಇದರಲ್ಲಿ ಇದ್ದೇ ಇದೆ ಕಣೋ. ನಿಮ್ಮ ದೊಡ್ಡಪ್ಪ ಮುದ್ರಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹುಡುಕಿ ಕೊಡು" ಎಂದರು. ಹುಡುಕಿದೆ, ಸಿಗಲಿಲ್ಲ. ಮೈಸೂರು ವಾಸುದೇವಾಚಾರ್ಯರ ಆ ಕೃತಿ ಕೊನೆಗೆ ಸಿಕ್ಕಿದ್ದು ತ್ಯಾಗರಾಜರ ಹೆಸರಿನಲ್ಲಿ, ಶ್ರೀರಂಜನಿ ರಾಗ ಎಂಬ ಚೀಟಿಯ ಕೆಳಗೆ. ಆ ಎರಡು ದಿನದ ಹುಡುಕಾಟದಲ್ಲಿ ಕಲಿತದ್ದನ್ನು, ಸುಲಭವಾದದ್ದು ಮೊದಲು ಬರುವಂತೆ ಇಲ್ಲಿ ಬರೆದಿದ್ದೇನೆ.

ಕೈ ಹಾಕುವ ಮೊದಲು

ಇಡೀ ಫೋಲ್ಡರನ್ನು ಇನ್ನೊಂದು ಕಡೆಗೆ ನಕಲು ಮಾಡಿ, ಮೂಲವನ್ನು ಮುಟ್ಟದೆ ಎತ್ತಿಡಿ. ಹಾಡುಗಳ ವಿವರವನ್ನು ತಾವಾಗಿಯೇ "ಸರಿಪಡಿಸುವ" ತಂತ್ರಾಂಶಗಳಿವೆ. ಅವು ಹಳೆಯ ಬರಹವನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತವೆ. ತಪ್ಪಾಗಿ ಬರೆದ ಹಳೆಯ ಹೆಸರು ಕೂಡ ಒಂದು ಸುಳಿವು. ನನಗೆ ಕೊನೆಗೆ ದಾರಿ ತೋರಿಸಿದ್ದು ಅಂಥ ಒಂದು ಅರ್ಧ ತುಂಡಾದ ಹೆಸರೇ. ಅದು ಅಳಿಸಿಹೋಗಿದ್ದರೆ ಇನ್ನೂ ಹುಡುಕುತ್ತಲೇ ಇರುತ್ತಿದ್ದೆ.

ಲಕ್ಷಣ: ಹೆಸರು ಹೊಡೆದು ಹುಡುಕಿದರೆ ಏನೂ ಬರುವುದಿಲ್ಲ

ಹತ್ತರಲ್ಲಿ ಎಂಟು ಸಲ ಇದು ಕಾಗುಣಿತದ ತೊಂದರೆ. ನಮ್ಮ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಒಂದು ಪದ್ಧತಿ ಎಂಬುದಿಲ್ಲ. ನಾವು Tyagaraja ಎಂದು ಬರೆದರೆ ತಮಿಳುನಾಡಿನವರು Thyagaraja ಎನ್ನುತ್ತಾರೆ. ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದ ಬೇರೆಬೇರೆಯಾಗಿಲ್ಲ, ಮಹಾಪ್ರಾಣವೂ ಇಲ್ಲ. ಹಾಗಾಗಿ ಅಲ್ಲಿಂದ ಬಂದ ಪಟ್ಟಿಗಳಲ್ಲಿ ಖಮಾಚ್ Kamas ಆಗಿರುತ್ತದೆ, ಕಾಂಭೋಜಿ Kamboji ಆಗಿರುತ್ತದೆ. ನಾವು ಶಂಕರಾಭರಣ ಎಂದು ನಿಲ್ಲಿಸುವ ಕಡೆ ಅವರು ಕೊನೆಗೊಂದು m ಸೇರಿಸುತ್ತಾರೆ. ವಿದ್ವತ್ ಪುಸ್ತಕಗಳ ಪದ್ಧತಿಯಲ್ಲಿ ಬರೆದವರು "ಚ"ಕ್ಕೆ ch ಬದಲು ಬರೀ c ಹಾಕುತ್ತಾರೆ.

ಆದ್ದರಿಂದ ಪೂರ್ತಿ ಹೆಸರನ್ನು ಹೊಡೆಯಬೇಡಿ. ಸ್ವರಗಳನ್ನೆಲ್ಲ ಕಳಚಿ, ಯಾರು ಬರೆದರೂ ಬದಲಾಗದ ವ್ಯಂಜನಗಳ ಎಲುಬಿನ ಗೂಡನ್ನು ಮಾತ್ರ ಉಳಿಸಿಕೊಳ್ಳಿ. ಬ್ರೋಚೇವಾರೆವರುರಾ ಎಂಬುದರಲ್ಲಿ ಬದಲಾಗದೆ ನಿಲ್ಲುವುದು r, c, v, r. ಮೊದಲ ಬಕಾರ ಕೂಡ ಕೆಲವು ಕಡೆ p ಆಗಿರಬಹುದಾದ್ದರಿಂದ ಅದನ್ನೂ ಬಿಟ್ಟೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ಫೋಲ್ಡರಿಗೆ ಹೋಗಿ, ಹೀಗೆ ಹೊಡೆದೆ:

```
dir /s /b *r*c*v*r*
```

ಬೇಡದ ಕೆಲವು ಫೈಲುಗಳೂ ಬರುತ್ತವೆ, ಬರಲಿ. ನನಗೆ ಐದು ಬಂದವು. ಮೂರು ಸಂಬಂಧವಿಲ್ಲದವು. ಉಳಿದೆರಡು ಬ್ರೋಚೇವಾರೆವರುರಾ ನಿಜ, ಆದರೆ ಒಂದು ಪಿಟೀಲು, ಇನ್ನೊಂದು ಯಾರೋ ಚಿಕ್ಕ ಹುಡುಗಿ ಹಾಡಿದ್ದು. ದೊಡ್ಡಮ್ಮ ಕೇಳಿದ್ದು ಗಂಡಸಿನ ಕಂಠ.

ಇಲ್ಲಿ ಬಹಳ ಜನ ಎಡವುತ್ತಾರೆ. ಈ ಆಜ್ಞೆ ನೋಡುವುದು ಫೈಲಿನ ಹೆಸರನ್ನು ಮಾತ್ರ. ಫೈಲಿನ ಹೊಟ್ಟೆಯೊಳಗೆ ಬರೆದಿರುವ ಶೀರ್ಷಿಕೆ, ಗಾಯಕ, ಸಂಯೋಜಕ ಎಂಬ ಟ್ಯಾಗ್‌ಗಳನ್ನು ಅದು ನೋಡುವುದಿಲ್ಲ. ಹೊರಗೆ Track07 ಎಂದಿದ್ದು ಒಳಗೆ ಹಾಡಿನ ಹೆಸರು ಇರಬಹುದು. Mp3tag ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಫೋಲ್ಡರನ್ನು ತೆರೆದು, ಅದರ Filter ಪೆಟ್ಟಿಗೆಯಲ್ಲಿ ಅದೇ ಎಲುಬುಗೂಡನ್ನು ಹೀಗೆ ಬರೆಯಬಹುದು:

```
title MATCHES r.*c.*v.*r
```

ಈಗ Track07 ಎಂಬ ಇನ್ನೊಂದು ಫೈಲ್ ಸಿಕ್ಕಿತು. ಅದರೊಳಗಿನ ಶೀರ್ಷಿಕೆ Brochevarevare, ರಾಗ ಶ್ರೀರಂಜನಿ, ಸಂಯೋಜಕ ತ್ಯಾಗರಾಜ. ಅದಲ್ಲ ಎಂದು ಅಂದು ಬಿಟ್ಟುಬಿಟ್ಟೆ. ಅದು ನಾನು ಮಾಡಿದ ತಪ್ಪು.

ಹೆಸರುಗಳು ಕನ್ನಡ ಲಿಪಿಯಲ್ಲೇ ಇದ್ದರೂ ಒಮ್ಮೊಮ್ಮೆ ಸಿಗುವುದಿಲ್ಲ. "ಬ್ರೋ" ಎಂಬುದರ ಓಕಾರವನ್ನು ಕಂಪ್ಯೂಟರು ಒಂದೇ ಸಂಕೇತವಾಗಿ ಇಟ್ಟುಕೊಳ್ಳಬಹುದು, ಬಿಡಿಸಿ ಎರಡು ಮೂರು ತುಂಡುಗಳಾಗಿಯೂ ಇಟ್ಟುಕೊಳ್ಳಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಆ ಪದದಲ್ಲಿ ಓಕಾರ, ಏಕಾರ ಇಲ್ಲದ ತುಣುಕನ್ನು, ಅಂದರೆ "ವರುರಾ" ಎಂಬುದನ್ನು ಮಾತ್ರ ಹೊಡೆದು ನೋಡಿ.

ಗಾಯಕರ ಹೆಸರಿನಿಂದ ಹುಡುಕುವವರಿಗೂ ಇದೇ ಉಪಾಯ. ನಮ್ಮ ಜಿಲ್ಲೆಯ ರುದ್ರಪಟ್ಟಣವನ್ನೇ ತೆಗೆದುಕೊಳ್ಳಿ. ರುದ್ರಪಟ್ಟಣ ಸಹೋದರರ ಹೆಸರು Rudrapatna, Rudrapatnam, Rudrapattana ಎಂದೆಲ್ಲ ಇರುತ್ತದೆ. rudrap ಎಂಬಷ್ಟನ್ನು ಹೊಡೆದರೆ ಮೂರೂ ಬಲೆಗೆ ಬೀಳುತ್ತವೆ. ಆದರೆ R.K. ಎಂಬ ಮೊದಲಕ್ಷರಗಳನ್ನು ನಂಬಬೇಡಿ. ಆರ್.ಕೆ. ಶ್ರೀಕಂಠನ್ ಅವರೂ ಆ ಊರಿನವರೇ, ಆರ್.ಕೆ. ಪದ್ಮನಾಭ ಅವರೂ ಆ ಊರಿನವರೇ.

ಲಕ್ಷಣ: ಹೆಸರು ಅರ್ಧಕ್ಕೆ ತುಂಡಾಗಿದೆ, ಅಥವಾ ಅರ್ಥವಾಗದ ಅಕ್ಷರಗಳಿವೆ

ಎಂಪಿ3 ಫೈಲಿನಲ್ಲಿ ವಿವರ ಬರೆಯಲು ಎರಡು ಜಾಗಗಳಿವೆ. ಹಳೆಯದು ಫೈಲಿನ ಬಾಲದಲ್ಲಿರುವ 128 ಬೈಟ್‌ಗಳ ಪುಟ್ಟ ಚೀಟಿ. ಅದರಲ್ಲಿ ಶೀರ್ಷಿಕೆಗೆ 30 ಅಕ್ಷರ, ಗಾಯಕರಿಗೆ 30, ಆಲ್ಬಮಿಗೆ 30 ಅಷ್ಟೇ. ಹೊಸದು ಫೈಲಿನ ತಲೆಯಲ್ಲಿರುತ್ತದೆ, ಅಲ್ಲಿ ಜಾಗಕ್ಕೆ ಬರವಿಲ್ಲ. ಎರಡೂ ಒಂದೇ ಫೈಲಿನಲ್ಲಿ ಇರಬಹುದು, ಎರಡರಲ್ಲೂ ಬೇರೆಬೇರೆ ಹೆಸರು ಇರಬಹುದು. ಸಾಮಾನ್ಯವಾಗಿ ನಮಗೆ ಕಾಣುವುದು ತಲೆಯಲ್ಲಿರುವುದು ಮಾತ್ರ.

ಎರಡನೆಯ ದಿನ ಅನುಮಾನ ಬಂದು, ನಾನು ಬಿಟ್ಟುಬಿಟ್ಟಿದ್ದ Track07ರ ಬಾಲವನ್ನು ತೆರೆದು ನೋಡಿದೆ. ಲಿನಕ್ಸ್ ಅಥವಾ ಮ್ಯಾಕ್ ಇದ್ದವರಿಗೆ ಇದು ಒಂದು ಸಾಲಿನ ಕೆಲಸ:

```
tail -c 128 Track07.mp3
```

ಪರದೆಯ ಮೇಲೆ ಬಂದದ್ದು ಇಷ್ಟು: `TAGBrochevarevarura - Khamas - My`. ಮೊದಲ ಮೂರಕ್ಷರ ಚೀಟಿಯ ಗುರುತು. ಆಮೇಲಿನದನ್ನು ಎಣಿಸಿ ನೋಡಿದರೆ ಸರಿಯಾಗಿ ಮೂವತ್ತು. ಆ My ಎಂಬುದು ಮೈಸೂರು ವಾಸುದೇವಾಚಾರ್ಯರ ಹೆಸರಿನ ಮೊದಲ ಎರಡಕ್ಷರ. ಅಂಗಡಿಯ ಹುಡುಗ ಮೊದಲು ದೊಡ್ಡಪ್ಪನ ಕ್ಯಾಸೆಟ್ ಚೀಟಿಯನ್ನು ನೋಡಿ ಸರಿಯಾಗಿಯೇ ಬರೆದಿದ್ದ. ಆಮೇಲೆ ಯಾವುದೋ ತಂತ್ರಾಂಶ ಆ ಹೆಸರಿಗೆ ಹತ್ತಿರದ್ದನ್ನು ಹುಡುಕಿ ತಲೆಯಲ್ಲಿ ತ್ಯಾಗರಾಜರನ್ನು ಕೂರಿಸಿತ್ತು.

ಇನ್ನು PÀ£ÀßqÀ ಎಂಬಂಥ ಅಕ್ಷರಗಳು ಕಂಡರೆ ಫೈಲ್ ಕೆಟ್ಟಿಲ್ಲ. ಅದು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಹೊಡೆದ ಕನ್ನಡ. ಇಲ್ಲಿ ಕಾಣುವುದು "ಕನ್ನಡ" ಎಂಬ ಪದವೇ. ನುಡಿಯ ಪರಿವರ್ತಕದಲ್ಲಿ ಅಂಟಿಸಿ ಯೂನಿಕೋಡ್‌ಗೆ ಬದಲಿಸಿಕೊಂಡರೆ ಓದಬಹುದು.

ಲಕ್ಷಣ: ಹೆಸರು ಹೊಂದುತ್ತದೆ, ಹಾಡು ಬೇರೆ ಇರಬಹುದೆಂಬ ಅನುಮಾನ

ಬಾಲದ ಚೀಟಿ ಸುಳಿವು ಕೊಟ್ಟಿತು, ಆದರೆ ಚೀಟಿ ಸಾಕ್ಷಿಯಲ್ಲ. ಸಾಕ್ಷಿ ಹಾಡಿನೊಳಗೇ ಇರಬೇಕು.

ತ್ಯಾಗರಾಜರದು "ಬ್ರೋಚೇವಾರೆವರೇ", ಶ್ರೀರಂಜನಿ ರಾಗ. ವಾಸುದೇವಾಚಾರ್ಯರದು "ಬ್ರೋಚೇವಾರೆವರುರಾ", ಖಮಾಚ್. ಎರಡೂ ತೆಲುಗು, ಎರಡೂ ರಾಮನನ್ನು "ಕಾಯುವವರು ಯಾರು" ಎಂದು ಕೇಳುವ ಹಾಡುಗಳು, ಮೊದಲ ಐದು ಅಕ್ಷರ ಒಂದೇ. ವಾಸುದೇವಾಚಾರ್ಯರ ಕೃತಿಯನ್ನು ತ್ಯಾಗರಾಜರದೆಂದು ಬರೆದಿರುವುದನ್ನು ನಾನು ಮತ್ತೆಮತ್ತೆ ನೋಡಿದ್ದೇನೆ, ಪ್ರತಿಸಲವೂ ಬೇಸರವಾಗುತ್ತದೆ. ನಮ್ಮ ಮೈಸೂರು ಆಸ್ಥಾನದ ವಿದ್ವಾಂಸರೊಬ್ಬರು ಕಟ್ಟಿದ್ದು ಅವರ ಹೆಸರಿನಲ್ಲೇ ಉಳಿಯಬೇಕು.

ಮೊದಲ ಪರೀಕ್ಷೆಗೆ ಸಂಗೀತ ಗೊತ್ತಿರಬೇಕೆಂದೇನೂ ಇಲ್ಲ. ಹಾಡಿನ ಆರಂಭ ಬಿಟ್ಟು ಚರಣಕ್ಕೆ ಹೋಗಿ. ವಾಗ್ಗೇಯಕಾರರು ತಮ್ಮ ಅಂಕಿತವನ್ನು ಇಡುವುದು ಹೆಚ್ಚಾಗಿ ಅಲ್ಲಿ. ತ್ಯಾಗರಾಜರಿಗೆ "ತ್ಯಾಗರಾಜ", ಮುತ್ತುಸ್ವಾಮಿ ದೀಕ್ಷಿತರಿಗೆ "ಗುರುಗುಹ", ಶ್ಯಾಮಾ ಶಾಸ್ತ್ರಿಗಳಿಗೆ "ಶ್ಯಾಮಕೃಷ್ಣ", ವಾಸುದೇವಾಚಾರ್ಯರಿಗೆ "ವಾಸುದೇವ", ಜಯಚಾಮರಾಜ ಒಡೆಯರಿಗೆ "ಶ್ರೀವಿದ್ಯಾ", ಪುರಂದರದಾಸರಿಗೆ "ಪುರಂದರವಿಠಲ". Track07ರ ಚರಣದಲ್ಲಿ ಗಾಯಕರು "ವಾಸುದೇವುಡೆ ನೀವು ಗದಾ" ಎಂದು ಎರಡು ಸಲ ಹಾಡಿದರು. ದೊಡ್ಡಮ್ಮ ಅಡುಗೆಮನೆಯಿಂದಲೇ ಕೇಳಿಸಿಕೊಂಡು, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು.

ಅಂಕಿತದಲ್ಲೂ ಮೋಸ ಹೋಗುವ ಜಾಗಗಳಿವೆ. ತಿರುವಾರೂರಿನ ದೇವರ ಹೆಸರೇ ತ್ಯಾಗರಾಜ. ದೀಕ್ಷಿತರು ಆ ದೇವರ ಮೇಲೆ "ತ್ಯಾಗರಾಜ ಯೋಗವೈಭವಂ" ಮುಂತಾದ ಕೃತಿಗಳನ್ನು ರಚಿಸಿದ್ದಾರೆ. ಪಲ್ಲವಿಯಲ್ಲೇ ತ್ಯಾಗರಾಜ ಎಂದು ಕೇಳಿಸಿತೆಂದು ಸಂಯೋಜಕರ ಜಾಗದಲ್ಲಿ ಬರೆದುಬಿಟ್ಟರೆ ತಪ್ಪಾಗುತ್ತದೆ. ಸಂಸ್ಕೃತದ ಸಾಹಿತ್ಯವಾಗಿದ್ದರೆ ಗುರುಗುಹ ಬರುತ್ತದೆಯೇ ಎಂದು ಕಾದು ಕೇಳಿ. "ಕೃಷ್ಣಾ ನೀ ಬೇಗನೆ ಬಾರೋ" ಪುರಂದರದಾಸರದೆಂದು ಎಷ್ಟೋ ಕಡೆ ಇದೆ. ಕೊನೆಯವರೆಗೆ ಕೇಳಿದರೂ ಪುರಂದರವಿಠಲ ಬರುವುದಿಲ್ಲ, "ಉಡುಪಿ ಶ್ರೀಕೃಷ್ಣ" ಬರುತ್ತದೆ. ಅದು ವ್ಯಾಸರಾಯರದು.

ದೀಕ್ಷಿತರಲ್ಲಿ ಇನ್ನೊಂದು ಅನುಕೂಲವಿದೆ. ಹಲವು ಕೃತಿಗಳಲ್ಲಿ ಅವರು ರಾಗದ ಹೆಸರನ್ನೂ ಸಾಹಿತ್ಯದೊಳಗೆ ಹೆಣೆದಿರುತ್ತಾರೆ. "ವಾತಾಪಿ ಗಣಪತಿಂ" ಕೃತಿಯ ಕೊನೆಗೆ "ಗುರುಗುಹ" ಬಂದ ಬೆನ್ನಿಗೇ "ಹಂಸಧ್ವನಿ ಭೂಷಿತ ಹೇರಂಬಂ" ಎಂದಿದೆ. ಒಂದೇ ಸಾಲಿನಲ್ಲಿ ಕರ್ತೃವೂ ರಾಗವೂ ಸಿಕ್ಕಿದಂತಾಯಿತು.

ಎರಡನೆಯ ಪರೀಕ್ಷೆ ಕಿವಿಯದು. ಪಿಟೀಲು, ವೀಣೆ, ಕೊಳಲಿನ ಧ್ವನಿಮುದ್ರಣದಲ್ಲಿ ಸಾಹಿತ್ಯ ಇರುವುದಿಲ್ಲವಾದ್ದರಿಂದ ಇದೊಂದೇ ದಾರಿ. ಖಮಾಚ್ ಮತ್ತು ಶ್ರೀರಂಜನಿಯನ್ನು ಬೇರೆ ಮಾಡಲು ಎರಡು ಸ್ವರ ಸಾಕು. ಶ್ರೀರಂಜನಿಯಲ್ಲಿ ಪಂಚಮವೇ ಇಲ್ಲ, ಗಾಂಧಾರ ಸಾಧಾರಣ. ಖಮಾಚಿನಲ್ಲಿ ಪಂಚಮ ಇದೆ, ಗಾಂಧಾರ ಅಂತರ. ಎರಡು ವರ್ಷ ಪಾಠ ಹೇಳಿಸಿಕೊಂಡವರಿಗೂ ಇದು ತಿಳಿಯುತ್ತದೆ: ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಹಾಡಿದ್ದೀರಲ್ಲ, ಆ ಗಾಂಧಾರವೇ ಅಂತರ ಗಾಂಧಾರ. ಅಭೋಗಿ ವರ್ಣದಲ್ಲಿ ಬರುವುದು ಸಾಧಾರಣ. ಹಾಡಿನ ಷಡ್ಜಕ್ಕೆ ಶ್ರುತಿ ಸೇರಿಸಿಕೊಂಡು "ಸ ರಿ ಗ" ಎಂದು ಎರಡು ರೀತಿಯಲ್ಲೂ ಹಾಡಿ ನೋಡಿ, ಯಾವುದು ಹಾಡಿನೊಂದಿಗೆ ಕಚ್ಚಿಕೊಳ್ಳುತ್ತದೆ ಎಂದು ಕೇಳಿ. ಪಂಚಮದ ವಿಷಯದಲ್ಲಿ ಒಂದು ಎಚ್ಚರ ಬೇಕು. ಹಿಂದೆ ಮೊಳಗುವ ತಂಬೂರಿಯಲ್ಲಿ ಪಂಚಮ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಯಕರು ಸ್ವರ ಹಾಕುವಾಗ "ಪ" ಎಂದು ಹೇಳಿ ಅಲ್ಲಿ ನಿಲ್ಲುತ್ತಾರೆಯೇ ಎಂಬುದನ್ನು ಗಮನಿಸಿ.

ಲಕ್ಷಣ: ಚೀಟಿಯಲ್ಲಿ ಒಂದು ರಾಗ, ಕಿವಿಗೆ ಇನ್ನೊಂದು

ಯಾವಾಗಲೂ ಇದು ತಪ್ಪೇ ಆಗಿರಬೇಕಿಲ್ಲ. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳಲ್ಲಿ ಒಂದೇ ಹೆಸರಿನ ಬೇರೆಬೇರೆ ರಾಗಗಳಿವೆ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು. ಅವರ ತೋಡಿಗೆ ಹತ್ತಿರವಾದದ್ದು ನಮ್ಮ ಶುಭಪಂತುವರಾಳಿ. ನಮ್ಮ ಹಿಂದೋಳ ಅವರಿಗೆ ಮಾಲಕೌಂಸ್. "ಶ್ರೀ" ಎಂಬ ಹೆಸರು ಎರಡೂ ಕಡೆ ಇದೆ, ಸ್ವರಗಳಲ್ಲಿ ಹೋಲಿಕೆ ಇಲ್ಲ. ಧಾರವಾಡದ ಕಡೆಯ ಧ್ವನಿಮುದ್ರಣಗಳೂ ಮೈಸೂರಿನ ಕಡೆಯವೂ ಒಂದೇ ಫೋಲ್ಡರಿನಲ್ಲಿ ಬೆರೆತಿದ್ದರೆ, ರಾಗದ ಹೆಸರಿನ ಪಕ್ಕದಲ್ಲಿ ಪದ್ಧತಿಯನ್ನೂ ಬರೆದುಕೊಳ್ಳದೆ ಹುಡುಕುವುದು ವ್ಯರ್ಥ.

ದಾಸರ ಪದಗಳಲ್ಲಂತೂ ರಾಗದ ಹೆಸರಿನಿಂದ ಹುಡುಕಲೇಬೇಡಿ. ಅವುಗಳ ಮೂಲ ಧಾಟಿ ಬಹುಪಾಲು ಉಳಿದಿಲ್ಲ, ಹಾಡುವವರು ತಮಗೆ ಒಗ್ಗಿದ ರಾಗದಲ್ಲಿ ಕೂರಿಸಿಕೊಂಡಿದ್ದಾರೆ. "ಭಾಗ್ಯದ ಲಕ್ಷ್ಮೀ ಬಾರಮ್ಮಾ" ಒಬ್ಬರಲ್ಲಿ ಶ್ರೀ, ಇನ್ನೊಬ್ಬರಲ್ಲಿ ಮಧ್ಯಮಾವತಿ. ಇಲ್ಲಿ ರಾಗ ಹಾಡಿಗೆ ಸೇರಿದ್ದಲ್ಲ, ಆ ದಿನ ಹಾಡಿದವರಿಗೆ ಸೇರಿದ್ದು. ಹುಡುಕಬೇಕಾದ್ದು ಸಾಹಿತ್ಯದ ಮೊದಲ ಸಾಲಿನಿಂದ.

ಲಕ್ಷಣ: ಹೆಸರೇ ಇಲ್ಲ, 45 ನಿಮಿಷದ ಒಂದೇ ಫೈಲ್

ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಹಾಗೆಯೇ ಇಳಿಸಿದ್ದಾರೆ ಎಂದರ್ಥ. 30 ನಿಮಿಷ ಇದ್ದರೆ ಸಿ-60. ಮೊದಲ ಒಂದು ನಿಮಿಷ, ಕೊನೆಯ ಒಂದು ನಿಮಿಷ ಕೇಳಿ. ರೇಡಿಯೋದಿಂದ ಮುದ್ರಿಸಿಕೊಂಡದ್ದಾದರೆ ಉದ್ಘೋಷಕರು ಹಾಡಿದವರು, ಕೃತಿ, ರಾಗ, ತಾಳ, ರಚನಕಾರರು ಎಲ್ಲವನ್ನೂ ಹೇಳಿರುತ್ತಾರೆ. ಇಷ್ಟು ನಂಬಿಕೆಗೆ ಅರ್ಹವಾದ ಟ್ಯಾಗ್ ಬೇರೊಂದಿಲ್ಲ. ಆದರೆ ಅಂಗಡಿಯವರು ಮಾತಿನ ಭಾಗವನ್ನು "ಬೇಡದ್ದು" ಎಂದು ಕತ್ತರಿಸಿಬಿಡುತ್ತಾರೆ. ಕ್ಯಾಸೆಟ್ ಕೊಡುವಾಗಲೇ ಕತ್ತರಿಸಬೇಡಿ ಎಂದು ಹೇಳಿ.

ಮಾತು ಇಲ್ಲದಿದ್ದರೆ ಕಚೇರಿಯ ಕ್ರಮವೇ ನಕ್ಷೆ. ವರ್ಣದಿಂದ ಶುರು, ಆಮೇಲೆ ಚಿಕ್ಕ ಕೃತಿಗಳು, ಮಧ್ಯದಲ್ಲಿ ಆಲಾಪನೆಯೊಡನೆ ದೊಡ್ಡ ಕೃತಿ. ಮೃದಂಗದ ತನಿ ಆವರ್ತನ ಕೇಳಿಸಿದರೆ ಪ್ರಧಾನ ಕೃತಿ ಮುಗಿಯುತ್ತಾ ಬಂದಿದೆ, ದೇವರನಾಮಗಳು ಅದರ ನಂತರ. "ನೀ ನಾಮ ರೂಪಮುಲಕು" ಕೇಳಿಸಿತೆಂದರೆ ಮಂಗಳ, ಅಲ್ಲಿಗೆ ಕಚೇರಿ ಮುಗಿಯಿತು. ಬೇಕಾದ ಹಾಡು ಎಂಥದ್ದೆಂದು ಗೊತ್ತಿದ್ದರೆ ಎಲ್ಲಿ ಬೆರಳಿಡಬೇಕೆಂದು ಇದರಿಂದ ತಿಳಿಯುತ್ತದೆ.

ಧ್ವನಿಯ ಬೆರಳಚ್ಚಿನಿಂದ ಹಾಡು ಗುರುತಿಸುವ ಸೇವೆಗಳ ಮೇಲೆ ಇಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅವು ಗುರುತಿಸುವುದು ತಮ್ಮ ಸಂಗ್ರಹದಲ್ಲಿ ಮೊದಲೇ ಇರುವ ಅದೇ ಧ್ವನಿಮುದ್ರಣವನ್ನು ಮಾತ್ರ. ಮಾರಾಟಕ್ಕೆ ಬಂದ ಆಲ್ಬಮ್‌ಗೆ ಕೆಲಸಕ್ಕೆ ಬರುತ್ತವೆ. ದೊಡ್ಡಪ್ಪ ಮನೆಯಲ್ಲಿ ಮುದ್ರಿಸಿಕೊಂಡ ಕಚೇರಿ ಯಾವ ಸಂಗ್ರಹದಲ್ಲೂ ಇರುವುದಿಲ್ಲ.

ಗುರುತು ಸಿಕ್ಕಿದ ಮೇಲೆ

ಎಂಪಿ3ಯಲ್ಲಿ ಸಂಯೋಜಕರಿಗೆ ಜಾಗವಿದೆ, ರಾಗಕ್ಕೆ ಇಲ್ಲ. Mp3tagನಲ್ಲಿ RAGA ಎಂದು ಹೊಸ ಅಂಕಣ ಸೇರಿಸಬಹುದು. ಆದರೆ ಬಹಳಷ್ಟು ಮೊಬೈಲ್‌ಗಳು ಅದನ್ನು ತೋರಿಸುವುದಿಲ್ಲ. ಅದಕ್ಕೆ ನಾನು ಅಲ್ಲಿ ಬರೆದದ್ದನ್ನೇ ಫೈಲಿನ ಹೆಸರಿಗೂ ಹಾಕುತ್ತೇನೆ: ಹಾಡು, ರಾಗ, ರಚನಕಾರರು, ಹಾಡಿದವರು, ಇದೇ ಕ್ರಮದಲ್ಲಿ. ಸಂಯೋಜಕರ ಜಾಗದಲ್ಲಿ ಹಾಡಿದವರ ಹೆಸರು ಇದ್ದರೆ ತೆಗೆದುಬಿಡಿ. ಖಾತ್ರಿ ಇಲ್ಲದ ಕಡೆ "ಖಾತ್ರಿ ಇಲ್ಲ" ಎಂದು ಬರೆದು ಬಿಡಿ. ಮುಂದೆ ಬರುವವರಿಗೆ ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು.

ಇಲ್ಲಿ ನಿಲ್ಲಿಸಿ, ಬೇರೆಯವರನ್ನು ಕೇಳಿ

ಅಂಕಿತ ಕೇಳಿಸದೆ, ರಾಗವೂ ತಿಳಿಯದೆ ಅರ್ಧ ಗಂಟೆ ಕಳೆದರೆ ಸಂಗೀತದ ಮೇಷ್ಟ್ರನ್ನು ಕೇಳಿ. ಇಡೀ ಫೈಲ್ ಕಳಿಸಬೇಡಿ. ಪಲ್ಲವಿ ಮುಗಿದು ಅನುಪಲ್ಲವಿಗೆ ಏರುವ ಜಾಗದ ನಲವತ್ತು ಸೆಕೆಂಡು, ಚರಣದ ಕೊನೆಯ ನಲವತ್ತು ಸೆಕೆಂಡು ಕತ್ತರಿಸಿ ಕಳಿಸಿ. ಅಷ್ಟರಲ್ಲಿ ಬಲ್ಲವರಿಗೆ ಎಲ್ಲವೂ ಸಿಗುತ್ತದೆ. ಶ್ರುತಿ ವಿಚಿತ್ರವಾಗಿದ್ದು ಕಂಠ ಎಳೆದಂತೆಯೋ ಚುರುಕಾದಂತೆಯೋ ಕೇಳಿಸಿದರೆ, ಕ್ಯಾಸೆಟ್ಟಿನ ವೇಗ ತಪ್ಪಿದೆ ಎಂದೂ ಅವರಿಗೆ ತಿಳಿಸಿ. ರಾಗ ಅದರಿಂದ ಕೆಡುವುದಿಲ್ಲ, ಹಾಡಿದವರು ಯಾರೆಂದು ಗುರುತಿಸುವುದು ಮಾತ್ರ ಕಷ್ಟವಾಗುತ್ತದೆ.

ಮೂಲ ಕ್ಯಾಸೆಟ್ಟನ್ನೇ ಮತ್ತೆ ಹಾಕಿ ನೋಡೋಣ ಎನ್ನಿಸಿದರೆ ಮೊದಲು ಬೆಳಕಿಗೆ ಹಿಡಿದು ಕಿಟಕಿಯಿಂದ ಟೇಪಿನ ಸುರುಳಿಯನ್ನು ನೋಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲ ಕಂಡ ಮನೆಗಳಲ್ಲಿ ಸುರುಳಿಯ ಅಂಚಿನ ಮೇಲೆ ಬಿಳಿಯ ಪುಡಿ ಕೂತಿರುತ್ತದೆ. ಅದು ಬೂಷ್ಟು. ಅಂಥದ್ದನ್ನು ಡೆಕ್ಕಿಗೆ ಹಾಕಲೇಬಾರದು. ಹಾಕಿದರೆ ಬೂಷ್ಟು ಡೆಕ್ಕಿನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ, ಅಂಟಿಕೊಂಡ ಟೇಪು ಎಳೆತಕ್ಕೆ ಹರಿಯುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಪ್ರತ್ಯೇಕ ಚೀಲದಲ್ಲಿ ಒಣಗಿದ ಜಾಗದಲ್ಲಿ ಇಟ್ಟು, ಹಳೆಯ ಟೇಪು ಶುಚಿ ಮಾಡಿ ಗೊತ್ತಿರುವವರಿಗೇ ಕೊಡಿ. ದೊಡ್ಡಮ್ಮನ ಎರಡನೆಯ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ ಹೀಗಿವೆ. ಅವುಗಳ ಚೀಟಿಯ ಮೇಲೆ ದೊಡ್ಡಪ್ಪನ ಕೈಬರಹ ಇನ್ನೂ ಸ್ಪಷ್ಟವಾಗಿದೆ. ಸದ್ಯಕ್ಕೆ ಚೀಟಿಗಳ ಫೋಟೋ ಮಾತ್ರ ತೆಗೆದುಕೊಂಡು ಬಂದಿದ್ದೇನೆ.